ರಿಂಗರ್ ಗಟ್ಟಿ, ಮಾತು ಮಂಕು

ಅರಸೀಕೆರೆಯಲ್ಲಾಗಲಿ ಬೇಲೂರಿನಲ್ಲಾಗಲಿ, ಮೊಬೈಲ್ ಅಂಗಡಿಗೆ ಹೋದ ಗಿರಾಕಿ ಕೇಳುವ ಮೊದಲ ಮಾತು ‘ಸೌಂಡ್ ಹೆಂಗಿದೆ, ಹಾಕಿ’ ಎಂದೇ. ಅಂಗಡಿಯವರು ಒಂದು ಹಾಡು ಹಚ್ಚುತ್ತಾರೆ. ಪಕ್ಕದ ಬೇಕರಿಗೂ ಕೇಳಿಸಿದರೆ ವ್ಯಾಪಾರ ಅರ್ಧ ಮುಗಿದಂತೆ. ಫೋನನ್ನು ಕಿವಿಗೆ ಹಿಡಿದು ಒಂದು ಕರೆ ಮಾಡಿ ನೋಡುವವರು ಅಪರೂಪ. ಹೀಗಾಗಿ ಕೆಲವು ತಿಂಗಳಾದ ಮೇಲೆ ಅದೇ ಗಿರಾಕಿ ಅದೇ ಅಂಗಡಿಗೆ ಇನ್ನೊಂದು ದೂರು ತರುತ್ತಾರೆ: ‘ಯೂಟ್ಯೂಬ್ ಹಾಕಿದ್ರೆ ಮನೆಯೆಲ್ಲ ಕೇಳತ್ತೆ, ಕಿವಿಗಿಟ್ಕೊಂಡ್ರೆ ಮಾತೇ ಬಿಡಿಸಲ್ಲ.’

ದೂರಿನ ಎರಡು ಭಾಗಗಳೂ ನಿಜ, ಅವು ಒಂದಕ್ಕೊಂದು ವಿರುದ್ಧವೂ ಅಲ್ಲ. ರಿಪೇರಿಯವರ ಮಾತಿನಲ್ಲಿ ಫೋನಿನ ಕೆಳಗಿರುವುದು ‘ರಿಂಗರ್’, ಮೇಲಿರುವುದು ‘ಇಯರ್ ಸ್ಪೀಕರ್’. ಮಲ್ಟಿಮೀಟರ್ ಹಿಡಿದರೆ ರಿಂಗರ್ ಸಾಮಾನ್ಯವಾಗಿ 8 ಓಮ್ ಆಸುಪಾಸು ತೋರಿಸುತ್ತದೆ, ಇಯರ್ ಸ್ಪೀಕರ್ 30ರ ಹತ್ತಿರ. ಮೊದಲನೆಯದು ಕೋಣೆಯ ಗಾಳಿಯನ್ನೇ ಅಲುಗಾಡಿಸಬೇಕು. ಅದಕ್ಕೆ ತನ್ನದೇ ಗಾಳಿಪೆಟ್ಟಿಗೆ ಇದೆ, ಬಲವಾದ ಆಂಪ್ಲಿಫೈಯರ್ ಇದೆ. ಎರಡನೆಯದು ತುಂಬಬೇಕಾದದ್ದು ಕಿವಿಯ ರಂಧ್ರದ ಮುಂದಿನ ಬೊಗಸೆಯಷ್ಟೂ ಇಲ್ಲದ ಜಾಗವನ್ನು, ಅದಕ್ಕೆ ಮಿಲಿವ್ಯಾಟ್‌ಗಳ ಶಕ್ತಿ ಸಾಕು. ವಾಲ್ಯೂಮ್ ಪಟ್ಟಿಯೂ ಬೇರೆ ಬೇರೆ: ಹಾಡಿಗೆ ಏರಿಸಿದ ವಾಲ್ಯೂಮ್ ಕರೆಗೆ ಅನ್ವಯಿಸುವುದಿಲ್ಲ, ಕರೆ ನಡೆಯುತ್ತಿರುವಾಗಲೇ ಗುಂಡಿ ಒತ್ತಬೇಕು. ಆದ್ದರಿಂದ ರಿಂಗರ್ ಕೇಳಿ ಇಯರ್ ಸ್ಪೀಕರ್ ಬಗ್ಗೆ ತೀರ್ಮಾನಿಸಲು ಆಧಾರವೇ ಇಲ್ಲ.

ಈಗಿನ ಫೋನುಗಳಲ್ಲಿ ಇನ್ನೊಂದು ತೊಡಕು ಸೇರಿದೆ. 2016ರ ಐಫೋನ್ 7ರಲ್ಲಿ ಮೇಲಿನ ಇಯರ್ ಸ್ಪೀಕರ್ ಎರಡನೇ ಸ್ಟೀರಿಯೊ ಸ್ಪೀಕರ್ ಆಗಿಯೂ ಕೆಲಸ ಮಾಡತೊಡಗಿತು. ಆ ಏರ್ಪಾಡು ಈಗ ಮಧ್ಯಮ ಬೆಲೆಯ ಫೋನುಗಳಿಗೂ ಇಳಿದಿದೆ. ಅಂದರೆ ಸಿನಿಮಾ ನೋಡುವಾಗ ಅಬ್ಬರಿಸುವ ಅದೇ ಭಾಗ ಕರೆಯಲ್ಲಿ ಪಿಸುಗುಡುತ್ತದೆ. ಇದು ಕೆಟ್ಟುಹೋದದ್ದಲ್ಲ. ಕಿವಿಗೆ ಅಂಟಿಕೊಂಡಿರುವಾಗ ಪೂರ್ತಿ ಶಕ್ತಿ ಹರಿದರೆ ಕಿವಿಗೇ ಅಪಾಯ, ಅದಕ್ಕಾಗಿ ಕಂಪನಿಯೇ ಕಟ್ಟಿದ ಕಡಿವಾಣ.

ಕಡಿವಾಣ ಎಷ್ಟು ಬಿಗಿಯಾಗಿರಬೇಕು? ಮೊಬೈಲ್ ಜಾಲಗಳ ಜಾಗತಿಕ ಮಾನದಂಡ ರೂಪಿಸುವ 3ಜಿಪಿಪಿ ಇದಕ್ಕೊಂದು ಅಳತೆ ಇಟ್ಟಿದೆ. ಕೃತಕ ಕಿವಿಗೆ ಫೋನನ್ನು ಒತ್ತಿ ಹಿಡಿದು, ಕೇಳುವ ಗಟ್ಟಿತನವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಈ ಅಂಕಿ ಚಿಕ್ಕದಾದಷ್ಟೂ ಧ್ವನಿ ಗಟ್ಟಿ ಎಂದರ್ಥ. ಸಾಮಾನ್ಯ ವಾಲ್ಯೂಮಿನಲ್ಲಿ ಅದು 2ರ ಹತ್ತಿರ, ಮೂರು ಆಚೀಚೆ ಇರಬೇಕು. ಪೂರ್ತಿ ಏರಿಸಿದಾಗಲೂ ಮೈನಸ್ 13ಕ್ಕಿಂತ ಕೆಳಗಿಳಿಯಬಾರದು. ಇಲ್ಲಿನ ಸಂದು ಗಮನಿಸಿ. ಪೂರ್ತಿ ವಾಲ್ಯೂಮಿನಲ್ಲಿ ಇಷ್ಟಕ್ಕಿಂತ ಗಟ್ಟಿ ಇರಬಾರದು ಎಂದು ಹೇಳಿದೆ, ಕನಿಷ್ಠ ಇಷ್ಟಾದರೂ ಗಟ್ಟಿ ಇರಲೇಬೇಕು ಎಂದು ಹೇಳಿಲ್ಲ. 5ರಲ್ಲೇ ನಿಂತುಬಿಡುವ ಫೋನೂ ಮೈನಸ್ 13ರವರೆಗೆ ಹೋಗುವ ಫೋನೂ ಕಾಗದದ ಮೇಲೆ ಪಾಸು. ನಡುವಿನ ಅಂತರ 18 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸರಿಸುಮಾರು ಎರಡರಷ್ಟು ಗಟ್ಟಿ ಅನ್ನಿಸುತ್ತದೆ. ಒಂದೇ ಬೆಲೆಯ ಎರಡು ಫೋನುಗಳಲ್ಲಿ ಯಾವುದು ಎಲ್ಲಿ ನಿಲ್ಲುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ.

ಇದುವರೆಗಿನದು ಗಟ್ಟಿತನದ ಲೆಕ್ಕ. ಮಂಕುತನ ಬೇರೆಯೇ ಕಾಯಿಲೆ. ಇಯರ್ ಸ್ಪೀಕರ್ ಮುಂದೆ ಒಂದು ನವಿರಾದ ಜಾಲರಿ ಇರುತ್ತದೆ. ಮುಖದ ಎಣ್ಣೆ, ಬೆವರು, ಪೌಡರು, ಜೇಬಿನ ನೂಲಿನ ಧೂಳು, ತೆಂಗಿನ ಸೀಮೆಯಾದರೆ ಕೊಬ್ಬರಿ ಗೋದಾಮಿನ ನಾರಿನ ಪುಡಿ, ಎಲ್ಲ ಅಲ್ಲಿ ಸೇರಿ ಪದರಗಟ್ಟುತ್ತದೆ. ಈ ಪದರ ಎಲ್ಲ ಧ್ವನಿಯನ್ನೂ ಒಂದೇ ಸಮ ತಡೆಯುವುದಿಲ್ಲ. ಮೊದಲು ನುಂಗುವುದು ಹೆಚ್ಚಿನ ಕಂಪನಾಂಕದ ಸದ್ದನ್ನು. ಸ್ವರಗಳು ದಾಟುತ್ತವೆ, ವ್ಯಂಜನಗಳ ಅಂಚು ಸವೆಯುತ್ತದೆ. ಕಂಬಳಿ ಮುಸುಕು ಹಾಕಿಕೊಂಡು ಯಾರೋ ಮಾತಾಡಿದಂತೆ ಕೇಳುವುದು ಅದರಿಂದಲೇ. ಈಗ ಪರದೆ ಅಂಚಿನವರೆಗೂ ಹಬ್ಬಿದೆ, ಧ್ವನಿಗೆ ಉಳಿದಿರುವುದು ನೆತ್ತಿಯ ಒಂದು ಸೀಳು ಮಾತ್ರ. ಅದರ ಮೇಲೆ ಟೆಂಪರ್ಡ್ ಗ್ಲಾಸ್ ಅಂಟಿಸಿದರೆ ಸೀಳಿನ ಪಕ್ಕ ಒಂದು ಮೆಟ್ಟಿಲು ಹುಟ್ಟಿ ಧೂಳು ಕೂರಲು ಹೇಳಿ ಮಾಡಿಸಿದ ಜಾಗವಾಗುತ್ತದೆ. ಬೇಲೂರಿನ ಮಳೆಗಾಲದಲ್ಲಿ ಧೂಳೂ ಬೇಡ: ಜಾಲರಿಯ ಕಣ್ಣುಗಳಲ್ಲಿ ನೀರಿನ ಪೊರೆ ನಿಂತರೆ ಧ್ವನಿ ಹೂತುಹೋಗುತ್ತದೆ, ಒಣಗಿದ ಮೇಲೆ ತಾನಾಗಿ ಮರಳುತ್ತದೆ.

ಫೋನು ಶುದ್ಧವಾಗಿದ್ದರೂ ಮಾತು ಮಂಕಾಗಲು ಇನ್ನೊಂದು ಕಾರಣ ಜಾಲದಲ್ಲಿದೆ. ಹಳೆಯ 2ಜಿ ಕರೆ ಸಾಗಿಸುವುದು 300ರಿಂದ 3,400 ಹರ್ಟ್ಜ್ ನಡುವಿನ ಸದ್ದನ್ನು ಮಾತ್ರ. 4ಜಿ ಮೇಲಿನ ಎಚ್‌ಡಿ ಕರೆ, ಅಂದರೆ ವೋಲ್ಟಿ, 7,000 ಹರ್ಟ್ಜ್‌ವರೆಗೆ ಹೋಗುತ್ತದೆ. ‘ಸ’ಕಾರದ ಶಕ್ತಿ ಬಹುಪಾಲು 4,000 ಹರ್ಟ್ಜ್ ಮೇಲಿದೆ. ಹಾಗಾಗಿ 2ಜಿಯಲ್ಲಿ ‘ಸಾಲು’ ಎಂದದ್ದು ‘ಹಾಲು’ ಆಗಿಯೋ ‘ಪಾಲು’ ಆಗಿಯೋ ಕಿವಿ ಮುಟ್ಟಬಹುದು. ಸಂದರ್ಭ ನೋಡಿ ನಾವು ಸರಿಪಡಿಸಿಕೊಳ್ಳುತ್ತೇವೆ. ಹೊಸಬರ ಹೆಸರು, ಸರ್ವೆ ನಂಬರಿನ ಪಕ್ಕದ ಅಕ್ಷರ ಬಂದಾಗ ಸಂದರ್ಭ ಕೈಕೊಡುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಇದೇ ಮೇಲಿನ ಭಾಗವನ್ನು. ‘ಅಜ್ಜನಿಗೆ ಕಿವಿ ಮಂದ’ ಎಂದು ನಿರ್ಧರಿಸುವ ಮುಂಚೆ ಅಜ್ಜನ ಫೋನು ಯಾವ ಜಾಲದಲ್ಲಿದೆ, ಅದರ ಜಾಲರಿ ಹೇಗಿದೆ ಎಂದು ನೋಡುವುದು ನ್ಯಾಯ.

ಜಿಯೊ 2016ರ ಸೆಪ್ಟೆಂಬರಿನಲ್ಲಿ ವೋಲ್ಟಿ ಮಾತ್ರವೇ ಇರುವ ಜಾಲ ತಂದಿತು, ಮರುವರ್ಷ ಏರ್‌ಟೆಲ್ ತನ್ನ ವೋಲ್ಟಿ ಶುರು ಮಾಡಿತು. ಆದರೆ ಎಚ್‌ಡಿ ಧ್ವನಿಗೆ ಎರಡೂ ತುದಿ ಒಪ್ಪಬೇಕು. ಅರಸೀಕೆರೆಯಲ್ಲಿ ನಿಮ್ಮದು 4ಜಿ, ಆ ಕಡೆಯವರು ಬೇಲೂರಿನಾಚೆಯ ತೋಟದಲ್ಲಿ 2ಜಿಯಲ್ಲಿದ್ದರೆ ಇಬ್ಬರಿಗೂ ಇಕ್ಕಟ್ಟಿನ ಧ್ವನಿಯೇ ಗತಿ. ಅರಸೀಕೆರೆಯ ಬಯಲಿನಿಂದ ಹಳೇಬೀಡು ದಾಟಿ ಬೇಲೂರಿನ ಕಡೆ ಹೋಗುವ ಬಸ್ಸಿನಲ್ಲಿ ಮಾತಾಡುತ್ತಿದ್ದಾಗ ಧ್ವನಿ ಒಮ್ಮೆಲೇ ಮಂಕಾದರೆ, ಕರೆ 4ಜಿಯಿಂದ ಹಳೆಯ ಜಾಲಕ್ಕೆ ಜಾರಿರುವ ಸಾಧ್ಯತೆಯೇ ಹೆಚ್ಚು. ಕೆಟ್ಟ ಜಾಲರಿ ಹೀಗೆ ತಟ್ಟನೆ ಬದಲಾಗುವುದಿಲ್ಲ. ಎಲ್ಲ ಊರಿನಲ್ಲೂ ಎಲ್ಲರ ಕರೆಯಲ್ಲೂ ಒಂದೇ ಥರ ಕಾಡುತ್ತದೆ.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರ ಫೋನು ಎಂದಿಟ್ಟುಕೊಳ್ಳೋಣ. ಮಾತು ಮಂಕಾದ ಕರೆಯಲ್ಲೇ ಸ್ಪೀಕರ್ ಒತ್ತುತ್ತಾರೆ. ಆಗಲೂ ಮಂಕಾಗಿದ್ದರೆ ತಪ್ಪು ಈ ಫೋನಿನದಲ್ಲ. ಜಾಲದ್ದು, ಇಲ್ಲವೇ ಆಚೆಯವರ ಮೈಕಿನದು (ಫೋನಿನ ಬುಡದ ಮೈಕಿನ ತೂತಿಗೆ ಕಿರುಬೆರಳು ಅಡ್ಡ ಇಡುವವರಿಗೇನು ಕೊರತೆ). ಸ್ಪೀಕರಿನಲ್ಲಿ ಸ್ಪಷ್ಟವಾದರೆ ಅನುಮಾನ ಮೇಲಿನ ಸೀಳಿನ ಮೇಲೆ. ಖಚಿತಪಡಿಸಿಕೊಳ್ಳಲು ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಧ್ವನಿ ಸಂದೇಶವನ್ನು ಮೊದಲು ಹಾಗೇ ಕೇಳಿ, ಆಮೇಲೆ ಫೋನನ್ನು ಕಿವಿಗೆ ಹಿಡಿಯಬೇಕು. ಕಿವಿಗೆ ಬಂದೊಡನೆ ಅದು ಇಯರ್ ಸ್ಪೀಕರಿಗೆ ತಿರುಗುತ್ತದೆ. ದನಿ ಅದೇ, ರೆಕಾರ್ಡಿಂಗ್ ಅದೇ, ನಡುವೆ ಜಾಲವೂ ಇಲ್ಲ. ಅಲ್ಲೂ ‘ಸ’, ‘ಶ’ ಮಾಯವಾಗಿದ್ದರೆ ಜಾಲರಿ ಕಟ್ಟಿದೆ. ಸ್ಯಾಮ್ಸಂಗ್ ಫೋನಾದರೆ ಡಯಲ್ ಪ್ಯಾಡಿನಲ್ಲಿ `*#0*#` ಒತ್ತಿದಾಗ ಬರುವ ಪಟ್ಟಿಯ `Receiver` ಆಯ್ಕೆ ಇಯರ್ ಸ್ಪೀಕರಿನಲ್ಲೇ ಸದ್ದು ಹೊರಡಿಸುತ್ತದೆ. ಶಿಯೋಮಿಯಲ್ಲಿ `*#*#6484#*#*` ಇಂಥದೇ ಪರೀಕ್ಷೆಗಳ ಪಟ್ಟಿ ತೆರೆಯುತ್ತದೆ.

ನಮ್ಮ ವ್ಯಾಪಾರಿ ಟೆಂಪರ್ಡ್ ಗ್ಲಾಸ್ ಕಿತ್ತು, ಫೋನನ್ನು ಮಗುಚಿ ಹಿಡಿದು, ಒಣಗಿದ ಮೆತ್ತನೆ ಬ್ರಷ್ಷಿನಿಂದ ಸೀಳನ್ನು ಹಗುರವಾಗಿ ಉಜ್ಜುತ್ತಾರೆ. ಮಗುಚುವುದು ಮುಖ್ಯ, ಇಲ್ಲದಿದ್ದರೆ ಧೂಳು ಒಳಕ್ಕೇ ಇಳಿಯುತ್ತದೆ. ಪಿನ್ನು ಚುಚ್ಚಬಾರದು, ಜಾಲರಿ ಹರಿದರೆ ಅದರ ಹಿಂದಿರುವ ತೆಳುಪೊರೆಯೂ ಹೋದಂತೆ. ಮತ್ತೆ ಅದೇ ಧ್ವನಿ ಸಂದೇಶ ಕೇಳಿದಾಗ ‘ಸ’ಕಾರ ಮರಳಿದ್ದರೆ ಖರ್ಚಿಲ್ಲದೆ ಕೆಲಸ ಮುಗಿಯಿತು. ಬೇಲೂರಿನ ಕಾಫಿ ಬೆಳೆಗಾರರದು ಬೇರೆ ಕಥೆಯಾಗಬಹುದು: ಸಂದೇಶ ಕಿವಿಯಲ್ಲೂ ಸ್ಪಷ್ಟ, ವಾಟ್ಸ್ಆ್ಯಪ್ ಕರೆ ಸ್ಪಷ್ಟ, ಮಾಮೂಲಿ ಕರೆ ಮಾತ್ರ ಮಂಕು. ಅವರಿಗೆ ಬ್ರಷ್ಷಿನಿಂದ ಉಪಯೋಗವಿಲ್ಲ. ಮನೆಯಲ್ಲಿ ವೈಫೈ ಇದ್ದರೆ ಫೋನಿನ ಸೆಟ್ಟಿಂಗ್ಸಿನಲ್ಲಿ ವೈಫೈ ಕಾಲಿಂಗ್ ಹಚ್ಚಿಕೊಳ್ಳಬೇಕು.

ಆದರೆ ಇಷ್ಟೆಲ್ಲ ಪತ್ತೇದಾರಿ ಕೆಲಸವನ್ನು ಗಿರಾಕಿಯ ತಲೆಗೆ ಕಟ್ಟುವುದು ಸರಿಯೇ? ಟ್ರಾಯ್ ನಡೆಸುವ ಡ್ರೈವ್ ಟೆಸ್ಟ್‌ಗಳು ಕರೆಯ ಧ್ವನಿ ಗುಣಮಟ್ಟಕ್ಕೆ ಅಂಕ ಕೊಡುತ್ತವೆ. ಆ ಅಂಕ ಸೇರುವುದು ಜಾಲದ ಖಾತೆಗೆ, ನಿಮ್ಮ ಫೋನಿನ ಸೀಳಿನಿಂದ ಏನು ಹೊರಬಂತು ಎಂಬುದು ಅದರಲ್ಲಿ ಇಲ್ಲ. ಹ್ಯಾಂಡ್‌ಸೆಟ್ಟಿನ ಬಗ್ಗೆ ಸರ್ಕಾರ ಕೈಕಟ್ಟಿ ಕೂತಿದೆ ಎಂದೂ ಅಲ್ಲ. ವಿಕಿರಣಕ್ಕೆ 2012ರಿಂದ ಕಿಲೋಗೆ 1.6 ವ್ಯಾಟ್ ಮಿತಿ ಇದೆ, `*#07#` ಒತ್ತಿದರೆ ಆ ಅಂಕಿ ಪರದೆಗೆ ಬರುತ್ತದೆ. 2017ರಿಂದ ತುರ್ತು ಗುಂಡಿ ಕಡ್ಡಾಯವಾಯಿತು. ಅಮೆರಿಕದ ಎಫ್‌ಸಿಸಿ 2024ರಲ್ಲಿ, ಎಲ್ಲ ಫೋನು ಮಾದರಿಗಳೂ ಶ್ರವಣಯಂತ್ರಕ್ಕೆ ಹೊಂದಬೇಕು ಎಂದು ಗೊತ್ತುಮಾಡಿತು; ಕರೆಯ ವಾಲ್ಯೂಮಿಗೂ ಅಲ್ಲಿ ಮಾನದಂಡವಿದೆ. ವಿಕಿರಣದ ಅಂಕಿ ತೋರಿಸುವ ಅದೇ ಪರದೆಯಲ್ಲಿ, ಪೂರ್ತಿ ವಾಲ್ಯೂಮಿನಲ್ಲಿ ಈ ಫೋನು ಕಿವಿಗೆ ಎಷ್ಟು ಗಟ್ಟಿ ಎಂಬ ಇನ್ನೊಂದು ಅಂಕಿ ಸೇರಿಸಲು ಕಂಪನಿಗಳಿಗೆ ಹೊಸ ಪ್ರಯೋಗಾಲಯ ಬೇಕಿಲ್ಲ. ಆ ಅಳತೆಗೆ ಬೇಕಾದ ವಿಧಾನ ಈಗಾಗಲೇ ಮಾನದಂಡದಲ್ಲೇ ಇದೆ.

ಇದಕ್ಕೊಂದು ಆಕ್ಷೇಪ ಬರುತ್ತದೆ, ಅದು ಸರಿಯೂ ಹೌದು. ಪ್ರಯೋಗಾಲಯದ ಕೃತಕ ಕಿವಿಗೆ ಬೆವರಿಲ್ಲ, ಹೊಸ ಫೋನಿಗೆ ಧೂಳಿಲ್ಲ. ಆರು ತಿಂಗಳ ಮೇಲೆ ಆ ಅಂಕಿ ಸುಳ್ಳಾಗುತ್ತದೆ. ಅಂಕಿ ಜಾರುವುದನ್ನು ತಡೆಯಲಾಗದು, ಹಿಂದಕ್ಕೆ ತರುವುದನ್ನು ಸುಲಭ ಮಾಡಬಹುದು. ಅನೇಕ ಫೋನುಗಳಲ್ಲಿ ಜಾಲರಿಯನ್ನು ಪರದೆಯ ಒಳಬದಿಗೆ ಅಂಟಿಸಿರುತ್ತಾರೆ. ಹೊರಗಿನ ಬ್ರಷ್ಷಿಗೆ ಜಗ್ಗದ ಕೊಳೆ ತೆಗೆಯಲು ಅಂಗಡಿಯವರು ಡಿಸ್‌ಪ್ಲೇಯನ್ನೇ ಬಿಸಿ ಮಾಡಿ ಎಬ್ಬಿಸಬೇಕು. ಅದು ಒಡೆದರೆ ಕೆಲವೇ ರೂಪಾಯಿಯ ಜಾಲರಿಗಾಗಿ ಸಾವಿರಾರು ರೂಪಾಯಿಯ ಪರದೆ ತೆತ್ತಂತೆ. ಗ್ರಾಹಕ ವ್ಯವಹಾರ ಇಲಾಖೆಗೆ 2025ರಲ್ಲಿ ಸಲ್ಲಿಕೆಯಾದ ದುರಸ್ತಿ ಸೂಚ್ಯಂಕದ ವರದಿ ಮೊಬೈಲ್ ಫೋನನ್ನೂ ಒಳಗೊಂಡಿದೆ. ಅದು ಜಾರಿಗೆ ಬರುವಾಗ ಇಯರ್ ಸ್ಪೀಕರಿನ ಜಾಲರಿಗೂ ಅಂಕ ಇರಬೇಕು: ಪರದೆ ಬಿಚ್ಚದೆ ಬದಲಿಸಲು ಬರುತ್ತದೆಯೇ, ಬಿಡಿಭಾಗ ಹಾಸನದ ಅಂಗಡಿಯಲ್ಲಿ ಸಿಗುತ್ತದೆಯೇ, ಅದಕ್ಕೆಷ್ಟು ಬೆಲೆ.