ಇಬ್ಬರ ಉತ್ತರವೂ ಒಂದೇ ಇದ್ದರೆ ಕಾಪಿ ಅನ್ನಬಹುದೇ?

ಕಳೆದ ತಿಂಗಳು ಲೆಕ್ಕಶಾಸ್ತ್ರದ ಹೋಮ್ ಅಸೈನ್‌ಮೆಂಟ್ ವಾಪಸ್ ಬಂದಾಗ ನನಗೂ ನನ್ನ ಗೆಳತಿಗೂ ಅರ್ಧರ್ಧ ಅಂಕ ಬಿದ್ದಿತ್ತು. ಲೆಕ್ಕ ತಪ್ಪಿರಲಿಲ್ಲ. ಇಬ್ಬರ ಹಾಳೆಯೂ ಒಂದೇ ರೀತಿ ಇತ್ತು, ಅಷ್ಟೇ.

“ಇಬ್ಬರ್ದೂ ಒಂದೇ ಐತಲ್ಲ, ಯಾರ್ದು ಯಾರು ನೋಡಿ ಬರದೀರಿ?” ಎಂದು ಸರ್ ಕೇಳಿದರು.

“ಕೂಡಿ ಮಾಡೀವ್ರಿ ಸರ್.”

“ಕೂಡಿ ಮಾಡ್ರಿ ಅಂತ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಕೂಡಿ ಮಾಡಬಾರದು ಅಂತಲೂ ಯಾರೂ ಹೇಳಿರಲಿಲ್ಲ. ಸರ್ ಮೇಲೆ ದೂರು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಎಂಬತ್ತು ಮಕ್ಕಳ ಹಾಳೆ ತಿದ್ದುವವರಿಗೆ ಸಂಶಯ ಬರುವುದು ಸಹಜ. ವಿದ್ಯಾಗಿರಿಯ ಝೆರಾಕ್ಸ್ ಅಂಗಡಿಗಳಲ್ಲಿ ಒಬ್ಬರ ಅಸೈನ್‌ಮೆಂಟ್ ಹತ್ತು ಜನರಿಗೆ ಪ್ರತಿಯಾಗುವುದು ನಮಗೂ ಗೊತ್ತು, ಅವರಿಗೂ ಗೊತ್ತು. ಆದರೆ ಈಗ ದ್ವಿತೀಯ ಪಿಯುಸಿಯಲ್ಲಿ ನಮ್ಮಂಥ ವಿಷಯಗಳಿಗೆ 80 ಅಂಕ ಬರವಣಿಗೆ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಮನೆಯಲ್ಲಿ ಬರೆದು ತರುವ ಕೆಲಸದ ಅಂಕ ಈ ಇಪ್ಪತ್ತರೊಳಗೇ ಸೇರುತ್ತದೆ. ಆದ್ದರಿಂದ ಹಾಳೆಗಳು ಒಂದೇ ಥರ ಇದ್ದರೆ ಅದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು ಅನ್ನಿಸಿತು.

ನಮಗೆ ಕೊಟ್ಟ ಲೆಕ್ಕ ಇದು. ಒಬ್ಬ ಪಾಲುದಾರ ಪ್ರತಿ ತಿಂಗಳ ಆರಂಭದಲ್ಲಿ ಸ್ವಂತ ಖರ್ಚಿಗೆ 2,000 ರೂಪಾಯಿ ತೆಗೆದುಕೊಳ್ಳುತ್ತಾನೆ. ವರ್ಷಕ್ಕೆ ಶೇಕಡಾ 12ರಂತೆ ಡ್ರಾಯಿಂಗ್ಸ್ ಮೇಲಿನ ಬಡ್ಡಿ ಎಷ್ಟು? ವರ್ಷದ ಒಟ್ಟು ಮೊತ್ತ 24,000. ಮೊದಲ ತಿಂಗಳ ಹಣಕ್ಕೆ 12 ತಿಂಗಳ ಬಡ್ಡಿ, ಕೊನೆಯದಕ್ಕೆ 1 ತಿಂಗಳದ್ದು, ಹಾಗಾಗಿ ಸರಾಸರಿ ಆರೂವರೆ ತಿಂಗಳು. ಉತ್ತರ 1,560. ಇದನ್ನು ಸರಿಯಾಗಿ ಮಾಡಿದ ಎಲ್ಲರ ಉತ್ತರವೂ 1,560 ಆಗಲೇಬೇಕು. ನಡುವಿನ ಹಂತಗಳೂ ಹೆಚ್ಚುಕಡಿಮೆ ಒಂದೇ ಇರುತ್ತವೆ, ಏಕೆಂದರೆ ಸರ್ ಬೋರ್ಡಿನ ಮೇಲೆ ಕಲಿಸಿದ್ದು ಒಂದೇ ವಿಧಾನ. ಸರಿ ಉತ್ತರ ಹೊಂದಿಕೆಯಾಯಿತು ಅಂದರೆ ಲೆಕ್ಕಶಾಸ್ತ್ರದಲ್ಲಿ ಅದರಿಂದ ಏನೂ ಗೊತ್ತಾಗುವುದಿಲ್ಲ.

ತಪ್ಪು ಉತ್ತರಗಳಲ್ಲಿ ಮಾತ್ರ ಸ್ವಲ್ಪ ಸುಳಿವು ಸಿಗುತ್ತದೆ, ಅದೂ ಎಲ್ಲ ತಪ್ಪುಗಳಲ್ಲಿ ಅಲ್ಲ. ನಮ್ಮ ತರಗತಿಯಲ್ಲಿ ಏಳೆಂಟು ಜನ 1,440 ಎಂದು ಬರೆದಿದ್ದರು. ಅಂದರೆ ಆರೂವರೆ ಬದಲು ಆರು ತಿಂಗಳು ಹಿಡಿದಿದ್ದರು. ತಿಂಗಳ ಮಧ್ಯದಲ್ಲಿ ಹಣ ತೆಗೆದರೆ ಆರು ತಿಂಗಳು ಸರಿ, ಆದ್ದರಿಂದ ಅದು ಯಾರಿಗಾದರೂ ತಾನಾಗಿಯೇ ಆಗುವ ಗೊಂದಲ. ಬೇರೆ ಬೇರೆ ಮನೆಯಲ್ಲಿ ಕುಳಿತ ಎಂಟು ಜನ ಒಬ್ಬರನ್ನೊಬ್ಬರು ಕೇಳದೆಯೂ ಅದೇ ತಪ್ಪು ಮಾಡಬಹುದು. ಆದರೆ ಮೂವರು 1,650 ಎಂದು ಬರೆದಿದ್ದರು. ಅವರ ಮೇಲಿನ ಹಂತಗಳೆಲ್ಲ ಸರಿ, ಕೊನೆಯಲ್ಲಿ ಮಾತ್ರ ಐದು ಮತ್ತು ಆರು ಜಾಗ ಬದಲಿಸಿವೆ. 1,560ಕ್ಕೂ 1,650ಕ್ಕೂ ವ್ಯತ್ಯಾಸ 90. ತಾಳೆಪಟ್ಟಿಯ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ನೋಡು ಎಂದು ಲೆಕ್ಕ ಬರೆಯುವವರು ಹೇಳುತ್ತಾರಲ್ಲ, ಅದೇ ತಪ್ಪು. ಇದು ತಿಳಿವಳಿಕೆಯ ತಪ್ಪಲ್ಲ, ಕೈತಪ್ಪು. ಒಂದೇ ಕೈತಪ್ಪು ಮೂರು ಹಾಳೆಯಲ್ಲಿ ಬಂದರೆ ಆ ಹಾಳೆಗಳು ಎಲ್ಲೋ ಒಂದು ಕಡೆ ಕೂಡಿದ್ದವು ಎನ್ನಬಹುದು. ಆದರೂ ಯಾರು ಕೊಟ್ಟರು, ಯಾರು ತೆಗೆದುಕೊಂಡರು ಎಂದು ಹಾಳೆ ಹೇಳುವುದಿಲ್ಲ. ತಮಾಷೆ ಎಂದರೆ ಆ ಮೂವರನ್ನು ಯಾರೂ ಕರೆಯಲಿಲ್ಲ, ಉತ್ತರ ತಪ್ಪು ಎಂದು ಅಂಕ ಕಡಿಮೆ ಮಾಡಿ ಬಿಟ್ಟರು. ಅಚ್ಚುಕಟ್ಟಾಗಿ ಸರಿ ಮಾಡಿದ ನಾವಿಬ್ಬರು ಸಿಕ್ಕಿಬಿದ್ದೆವು.

ವ್ಯವಹಾರ ಅಧ್ಯಯನದ ಉತ್ತರಗಳಲ್ಲಿ ಸಮಸ್ಯೆ ಇನ್ನೊಂದು ಥರದ್ದು. ಫಯೋಲ್ ಅವರ ಹದಿನಾಲ್ಕು ತತ್ವಗಳನ್ನು ಮನೆಯಲ್ಲಿ ಬರೆದು ತರಲು ಹೇಳಿದರೆ ಪಠ್ಯಪುಸ್ತಕ, ಗೈಡ್, ಗೂಗಲ್‌ನಲ್ಲಿ ಸಿಗುವ ನೋಟ್ಸ್ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ವಾಕ್ಯ ಇರುತ್ತದೆ. ಒಂದು ಸಾಲನ್ನು ಮೊಬೈಲಿನಲ್ಲಿ ಹುಡುಕಿ, ಅದು ಸಿಕ್ಕಿತು ಎಂದು ತೋರಿಸುವುದು ಸುಲಭ. ಆದರೆ ಅದೇ ವಾಕ್ಯವನ್ನು ಬಾಯಿಪಾಠ ಮಾಡಿ ಪರೀಕ್ಷಾ ಕೊಠಡಿಯಲ್ಲಿ ಬರೆದರೆ ಪೂರ್ತಿ ಅಂಕ ಸಿಗುತ್ತದೆ. ಹತ್ತನೇ ತರಗತಿಯವರೆಗೆ “ಪುಸ್ತಕದಾಗ ಇದ್ದಂಗ ಬರಿ” ಎಂದು ಕಲಿತ ನಾವು ಮನೆಯಲ್ಲಿ ಹಾಗೇ ಬರೆದಾಗ ಒಮ್ಮೆಲೇ ಕಳ್ಳರಾಗುತ್ತೇವೆ.

ನಮ್ಮಲ್ಲಿ ಮನೆಯಲ್ಲಿ ಉರ್ದು ಮಾತಾಡುವವರು ಬಹಳ. ನಾನೂ ಅವರಲ್ಲೊಬ್ಬಳು. ಕನ್ನಡದಲ್ಲಿ ನಾನೇ ವಾಕ್ಯ ಕಟ್ಟಿದರೆ ಎಲ್ಲಿ ಅ, ಎಲ್ಲಿ ಹ ಎಂದು ಕೈ ನಿಲ್ಲುತ್ತದೆ, ಕ್ರಿಯಾಪದದ ಕೊನೆ ತಪ್ಪುತ್ತದೆ. (ಈ ಲೇಖನವನ್ನೂ ಮೂರು ಸಲ ತಿದ್ದಿದ್ದೇನೆ.) ಅದಕ್ಕೇ ಅರ್ಥ ಗೊತ್ತಿದ್ದರೂ ಪುಸ್ತಕದ ವಾಕ್ಯವನ್ನೇ ಹಿಡಿಯುತ್ತೇವೆ, ಅದರಲ್ಲಿ ತಪ್ಪಿಲ್ಲ ಎಂಬ ಧೈರ್ಯ ಇರುತ್ತದೆ. ಆಮೇಲೆ “ಇಷ್ಟು ಚಂದ ಕನ್ನಡ ನಿಂದಲ್ಲ” ಎಂಬ ಮಾತು ಕೇಳಬೇಕಾಗುತ್ತದೆ. ಮನೆಯಲ್ಲಿ ಕನ್ನಡ ಆಡುವ ಹುಡುಗಿ ಅದೇ ಸಾಲನ್ನು ನಾಲ್ಕು ಪದ ಬದಲಿಸಿ ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ. ಹೀಗೆ ಸಂಶಯ ಬೀಳುವುದು ಕಾಪಿ ಮಾಡಿದವರ ಮೇಲಲ್ಲ, ಮರೆಮಾಚಲು ಬಾರದವರ ಮೇಲೆ.

ಇದು ನಮ್ಮ ಕಾಲೇಜಿನ ತೊಂದರೆ ಮಾತ್ರ ಅಲ್ಲ. 2021ರಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಪ್ರಥಮ ಪಿಯುಸಿ ಮಕ್ಕಳಿಗೆ ಮನೆಯಲ್ಲೇ ಉತ್ತರ ಬರೆದು ವಾಟ್ಸಾಪ್, ಇಮೇಲ್ ಅಥವಾ ಅಂಚೆಯಲ್ಲಿ ಕಳಿಸಿ ಎಂದು ಇಲಾಖೆ ಹೇಳಿತ್ತು. ಎಲ್ಲರಿಗೂ ಒಂದೇ ಪ್ರಶ್ನೆಗಳಾದರೆ, ಉತ್ತರ ಕಳಿಸಬೇಕಾದ ವಾಟ್ಸಾಪ್‌ನಲ್ಲೇ ಉತ್ತರ ಬರುವುದೂ ಸುಲಭ. ಅದಕ್ಕೂ ಮೊದಲು, 2014ರಿಂದ ಕೆಲ ವರ್ಷ, ಸಿಬಿಎಸ್‌ಇ ಒಂಬತ್ತು ಮತ್ತು ಹನ್ನೊಂದನೇ ತರಗತಿಗೆ ಪಠ್ಯ ಕೈಯಲ್ಲಿ ಕೊಟ್ಟು ಬರೆಸುವ ಪರೀಕ್ಷೆ ತಂದು, ಅದರಿಂದ ಮಕ್ಕಳ ಯೋಚನಾಶಕ್ತಿ ಬೆಳೆಯುತ್ತಿಲ್ಲ ಎಂದು ಕೈಬಿಟ್ಟಿತು. ಈಗ 2026-27ರಿಂದ ಒಂಬತ್ತನೇ ತರಗತಿಗೆ ಮತ್ತೆ ಪುಸ್ತಕ ತೆರೆದು ಬರೆಯುವ ಮೌಲ್ಯಮಾಪನಕ್ಕೆ ಒಪ್ಪಿಗೆ ಕೊಟ್ಟಿದೆ. ಪುಸ್ತಕ ಕೈಯಲ್ಲಿದ್ದ ಮಾತ್ರಕ್ಕೆ ಪರೀಕ್ಷೆ ಬದಲಾಗುವುದಿಲ್ಲ. ಪ್ರಶ್ನೆ ಬದಲಾಗಬೇಕು.

ಲೆಕ್ಕಶಾಸ್ತ್ರದಲ್ಲಿ ಇದು ಕಷ್ಟವಲ್ಲ. ನಮ್ಮ ವಾರ್ಷಿಕ ಪರೀಕ್ಷೆಯಲ್ಲೇ ಐದು ಕಾಲ್ಪನಿಕ ಅಂಕಿಗಳನ್ನು ಹಾಕಿ ಇಬ್ಬರು ಪಾಲುದಾರರ ಚಾಲ್ತಿ ಖಾತೆ ತಯಾರಿಸಿ ಎಂಬಂಥ ಪ್ರಶ್ನೆ ಬರುತ್ತದೆ. ಅಲ್ಲಿ ಪ್ರತಿಯೊಬ್ಬರ ಉತ್ತರವೂ ಬೇರೆ. ಹೋಮ್ ಅಸೈನ್‌ಮೆಂಟಿಗೂ ಅದನ್ನೇ ತರಬಹುದು, ಆದರೆ ತಿದ್ದುವವರಿಗೆ ಎಂಬತ್ತು ಬೇರೆ ಲೆಕ್ಕ ಮಾಡುವ ಕೆಲಸ ಬೀಳಬಾರದು. ಅದಕ್ಕೊಂದು ಉಪಾಯ ಇದೆ. ತಿಂಗಳ ಡ್ರಾಯಿಂಗ್ಸ್ ಎಂದರೆ 1,000 ರೂಪಾಯಿಗೆ ನಿಮ್ಮ ರೋಲ್ ನಂಬರಿನ ನೂರು ಪಟ್ಟು ಸೇರಿಸಿ ಎಂದು ಪ್ರಶ್ನೆಯಲ್ಲೇ ಹೇಳಿಬಿಡುವುದು. ರೋಲ್ ನಂಬರ್ 10 ಇದ್ದವರಿಗೆ 2,000, ರೋಲ್ ನಂಬರ್ 37 ಇದ್ದವರಿಗೆ 4,700. ಶೇಕಡಾ 12 ಬಡ್ಡಿ, ತಿಂಗಳ ಆರಂಭ ಎಂದಿಟ್ಟರೆ ಉತ್ತರ ಯಾವಾಗಲೂ ತಿಂಗಳ ಮೊತ್ತದ 0.78 ಪಟ್ಟು. 2,000ಕ್ಕೆ 1,560, 4,700ಕ್ಕೆ 3,666. ಸರ್ ಒಂದು ಗುಣಾಕಾರ ಮಾಡಿದರೆ ಸಾಕು. ಯಾರಾದರೂ 0.72 ಪಟ್ಟು ಬರೆದಿದ್ದರೆ ಅವರು ಆರು ತಿಂಗಳು ಹಿಡಿದಿದ್ದಾರೆ ಎಂದೂ ತಕ್ಷಣ ತಿಳಿಯುತ್ತದೆ. ಆಗ ಗೆಳತಿಯ ಜೊತೆ ಕುಳಿತು ವಿಧಾನ ಚರ್ಚಿಸಿದರೂ ಅಡ್ಡಿಯಿಲ್ಲ, ನನ್ನ ಲೆಕ್ಕ ನಾನೇ ಮಾಡಬೇಕು.

ಪುಸ್ತಕ ತೆರೆದು ಬರೆಸುವಾಗಲೂ ಹೀಗೆಯೇ. ಪಾಲುದಾರಿಕೆ ಒಪ್ಪಂದ ಇಲ್ಲದಿದ್ದಾಗ ಯಾವ ನಿಯಮಗಳು ಅನ್ವಯಿಸುತ್ತವೆ ಎಂದು ಕೇಳಿದರೆ ಎಲ್ಲರೂ ಒಂದೇ ಪುಟ ತೆರೆದು ಒಂದೇ ಪಟ್ಟಿ ಇಳಿಸುತ್ತಾರೆ. ಅದರ ಬದಲು ಒಂದು ಜಗಳ ಕೊಡಲಿ. ಇಳಕಲ್ಲಿನಲ್ಲಿ ಇಬ್ಬರು ಕೂಡಿ ಸೀರೆ ಅಂಗಡಿ ನಡೆಸುತ್ತಾರೆ, ಒಪ್ಪಂದ ಬರೆದಿಲ್ಲ. ‘ಅ’ ಬಂಡವಾಳ ಹೆಚ್ಚು ಹಾಕಿದ್ದಾನೆ, ಅದಕ್ಕೆ ಬಡ್ಡಿ ಬೇಕು ಎನ್ನುತ್ತಾನೆ. ‘ಬ’ ದಿನವಿಡೀ ಅಂಗಡಿಯಲ್ಲಿ ಕೂರುತ್ತಾನೆ, ಸಂಬಳ ಬೇಕು ಎನ್ನುತ್ತಾನೆ. ‘ಅ’ ಅಂಗಡಿಗೆ ಇಡೀ ವರ್ಷ 40,000 ರೂಪಾಯಿ ಸಾಲವನ್ನೂ ಕೊಟ್ಟಿದ್ದಾನೆ. ಈ ಯಾವುದನ್ನೂ ಕಳೆಯುವ ಮೊದಲು ಲಾಭ 62,400. ಯಾರಿಗೆ ಎಷ್ಟು, ಏಕೆ? 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಒಪ್ಪಂದವಿಲ್ಲದಿದ್ದರೆ ಬಂಡವಾಳಕ್ಕೆ ಬಡ್ಡಿ ಇಲ್ಲ, ಸಂಬಳವೂ ಇಲ್ಲ. ಸಾಲಕ್ಕೆ ಮಾತ್ರ ಶೇಕಡಾ 6, ಅಂದರೆ 2,400. ಉಳಿದ 60,000ದಲ್ಲಿ ಇಬ್ಬರಿಗೂ 30,000. ಪುಸ್ತಕ ಮುಂದೆ ಇದ್ದರೂ ಯಾವ ನಿಯಮ ಯಾವ ಮಾತಿಗೆ ಉತ್ತರ ಎಂದು ಹೊಂದಿಸಬೇಕು. ‘ಬ’ಗೆ ನೀವು ಹೇಗೆ ತಿಳಿಸಿ ಹೇಳುತ್ತೀರಿ ಎಂದು ಮೂರು ಸಾಲು ಕೇಳಿದರೆ, ನಮ್ಮಂಥವರು ತಪ್ಪು ಕನ್ನಡದಲ್ಲಾದರೂ ನಮ್ಮದೇ ವಾಕ್ಯ ಬರೆಯುತ್ತೇವೆ. ಆ ಮೂರು ಸಾಲಿಗೆ ಕಾಗುಣಿತದ ಅಂಕ ಕಳೆಯುವುದಿಲ್ಲ ಎಂದು ಮೊದಲೇ ಹೇಳಿದರೆ ಧೈರ್ಯವೂ ಬರುತ್ತದೆ.

ಇದರಲ್ಲೂ ಒಂದು ತೂತು ಇದೆ, ಒಪ್ಪುತ್ತೇನೆ. ರೋಲ್ ನಂಬರಿನ ಲೆಕ್ಕವನ್ನು ಅಣ್ಣನೋ ಟ್ಯೂಷನ್ ಸರ್ ಅವರೋ ಮಾಡಿಕೊಡಬಹುದು. ಮನೆಯಲ್ಲಿ ಯಾರು ಬರೆದರು ಎಂದು ಯಾವ ಪ್ರಶ್ನೆಪತ್ರಿಕೆಯೂ ಹಿಡಿಯಲಾರದು. ಅದಕ್ಕೆ ಇರುವುದು ಎರಡು ನಿಮಿಷದ ಮಾತು. “ನೀನು ತಿಂಗಳ ಕೊನೆಗೆ ಹಣ ತೆಗೆದಿದ್ದರೆ ಏನು ಬದಲಾಗುತ್ತಿತ್ತು?” ಎಂದು ಕೇಳಿದರೆ, ಮಾಡಿದವಳು ಆರೂವರೆ ಹೋಗಿ ಐದೂವರೆ ಆಗುತ್ತದೆ ಎಂದು ಉರ್ದು ಬೆರೆಸಿಯಾದರೂ ಹೇಳುತ್ತಾಳೆ. ಮಾಡದವಳು ಹಾಳೆ ನೋಡುತ್ತಾಳೆ. ಆದರೆ ಈ ಪ್ರಶ್ನೆಯನ್ನು ಸಂಶಯ ಬಂದವರಿಗೆ ಮಾತ್ರ ಕೇಳಬಾರದು. ಕರೆದಾಗಲೇ ಎಲ್ಲರ ಮುಂದೆ ಕಳ್ಳಿ ಎಂಬ ಮುದ್ರೆ ಬೀಳುತ್ತದೆ, ನನಗೆ ಬಿದ್ದ ಹಾಗೆ. ಎಂಬತ್ತು ಜನರಿಗೂ ಸಮಯ ಇಲ್ಲದಿದ್ದರೆ ಚೀಟಿ ಎತ್ತಿ ಹದಿನೈದು ಜನರನ್ನು ಕರೆಯಲಿ, ಯಾರ ಹೆಸರು ಬರುತ್ತದೋ ಗೊತ್ತಿಲ್ಲದಿದ್ದರೆ ಎಲ್ಲರೂ ಓದಿಕೊಂಡು ಬರುತ್ತಾರೆ. ಸಂಶಯ ಬಂದ ಹಾಳೆ ಇದ್ದರೆ ಅವರನ್ನೂ ಆ ಹದಿನೈದು ಜನರ ನಡುವೆಯೇ ಕೇಳಲಿ, ಅಂಕ ಕಳೆಯುವ ಮೊದಲು.

ಇನ್ನೊಂದು ಕೆಲಸ ಬಹಳ ಸಣ್ಣದು. ಪ್ರತಿ ಅಸೈನ್‌ಮೆಂಟಿನ ಮೇಲೆ ಎರಡು ಸಾಲು ಇರಲಿ: ಚರ್ಚೆ ಮಾಡಬಹುದೇ, ಪುಸ್ತಕ ಮತ್ತು ಮೊಬೈಲ್ ನೋಡಬಹುದೇ. ಕೊನೆಯಲ್ಲಿ ನಾವು ಒಂದು ಸಾಲು ಬರೆಯುತ್ತೇವೆ: ಯಾರ ಜೊತೆ ಕುಳಿತು ಮಾಡಿದೆ, ಎಲ್ಲಿ ನೋಡಿದೆ. ಹಾಗೆ ಬರೆದವರ ಅಂಕ ಕಡಿಮೆ ಮಾಡುವುದಿಲ್ಲ ಎಂದು ಉಪನ್ಯಾಸಕರು ಮಾತು ಕೊಡಬೇಕು, ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ. ಆ ದಿನ ಅಂಥ ಒಂದು ಸಾಲಿಗೆ ಜಾಗ ಇದ್ದಿದ್ದರೆ ನಾವಿಬ್ಬರೂ ಒಬ್ಬರ ಹೆಸರನ್ನು ಇನ್ನೊಬ್ಬರು ಬರೆದಿರುತ್ತಿದ್ದೆವು. ಮುಂದಿನ ಅಸೈನ್‌ಮೆಂಟ್ ಹೊಸ ಪಾಲುದಾರನ ಸೇರ್ಪಡೆಯ ಮೇಲೆ ಎಂದು ಸರ್ ಹೇಳಿದ್ದಾರೆ. ಗುಡ್‌ವಿಲ್ ಮೊತ್ತವನ್ನು ರೋಲ್ ನಂಬರಿನಿಂದ ಕೊಡಲು ಸಾಧ್ಯವೇ ಎಂದು ಈ ಸಂಚಿಕೆ ಬಂದ ಮೇಲೆ ನಾನೂ ನನ್ನ ಗೆಳತಿಯೂ ಸ್ಟಾಫ್ ರೂಮಿಗೆ ಹೋಗಿ ಕೇಳುವವರಿದ್ದೇವೆ.