ಬೀರುವಿನ ಕೀಲಿ ಮತ್ತು ಹಾರುವ ಓತಿ

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಸೇರಿದ ಕೆಲವೇ ದಿನಗಳಲ್ಲಿ ಅವರಿಗೆ ಆ ಕೆಲಸ ಸಾಕಾಗಿಹೋಯಿತಂತೆ. ತರಗತಿಯ ಗಲಾಟೆಗೆ ಒಗ್ಗಿದ್ದ ಮನುಷ್ಯನಿಗೆ ಮಾತುಕತೆಯಿಲ್ಲದ ಕೋಣೆ ಹಿಡಿಸಲಿಲ್ಲ. ಹಳೆಯ ಕಾಲೇಜಿಗೇ ಹೋಗಿ ನನ್ನನ್ನು ವಾಪಸು ಕರೆಸಿಕೊಳ್ಳಿ ಎಂದು ಕೇಳಿದರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡವೆನ್ನಿಸಿದರೆ ನೋಡೋಣ ಎಂಬ ಉತ್ತರ ಬಂತು. ಹೋದರು, ಕಲಿತರು, ಆಮೇಲೆ ಗಣಿತದ ಕಡೆ ತಿರುಗಲಿಲ್ಲ. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಬರೆದರು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಹುಟ್ಟಿದ ದಿನವೆಂದು ಆಚರಿಸುವ ಆಗಸ್ಟ್ 12 ನಮ್ಮಲ್ಲಿ ಗ್ರಂಥಪಾಲಕರ ದಿನ. ಅಂದು ಫೋಟೋಕ್ಕೆ ಹಾರ ಬೀಳುತ್ತದೆ, ಬೀರುವಿನ ಬೀಗ ಮಾತ್ರ ಹಾಗೇ ಇರುತ್ತದೆ.

ಬೀಗದ ಮಾತು ಯಾಕೆಂದರೆ ರಂಗನಾಥನ್ನರ ಮೊದಲ ಸೂತ್ರವೇ ಅದರ ಮೇಲೆ ಬರೆದದ್ದು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬ ಒಂದು ಸಾಲಿನ ಮಾತು ಅದು. ಇದನ್ನೂ ಹೇಳಬೇಕೇ ಎನ್ನಿಸಬಹುದು. ಹೇಳಬೇಕಾಗಿತ್ತು ಎಂಬುದಕ್ಕೆ ಅವರು ಕೊಡುವ ಸಾಕ್ಷಿ ಮಧ್ಯಯುಗದ ಯುರೋಪಿನಲ್ಲಿ ಕಪಾಟಿಗೆ ಸರಪಳಿ ಹಾಕಿ ಕಟ್ಟಿಡುತ್ತಿದ್ದ ಪುಸ್ತಕಗಳದ್ದು. ನಮ್ಮ ಶಾಲೆಯ ಸರಪಳಿ ಕಣ್ಣಿಗೆ ಕಾಣುವಂಥದ್ದಲ್ಲ. ಹಿಂದಿನ ಗ್ರಂಥಪಾಲಕರು ನಿವೃತ್ತರಾದ ಮೇಲೆ ಹುದ್ದೆ ಖಾಲಿ ಬಿತ್ತು. ಬಹಳಷ್ಟು ಶಾಲೆಗಳಲ್ಲಿ ಆಗುವಂತೆ ಲೈಬ್ರರಿ ಒಬ್ಬ ಭಾಷಾ ಮೇಷ್ಟ್ರಿಗೆ ಹೆಚ್ಚುವರಿ ಹೊಣೆಯಾಗಿ ಬಂತು. ಹೊಣೆ ಎಂದರೆ ಕೀಲಿಕೈ. ಕಳೆದುಹೋದ ಪುಸ್ತಕದ ದುಡ್ಡು ಯಾರ ಸಂಬಳದಲ್ಲಿ ಹಿಡಿಯುತ್ತಾರೋ ಎಂಬ ಭಯ ಇರುವಲ್ಲಿ ಯಾವ ಮೇಷ್ಟ್ರು ತಾನೇ ಬೀರು ತೆಗೆದಾನು? ನಾನಾದರೂ ತೆಗೆಯುತ್ತಿರಲಿಲ್ಲ.

ಈಗಿನ ಗ್ರಂಥಪಾಲಕಿ, ಮಕ್ಕಳ ಬಾಯಲ್ಲಿ ‘ಲೈಬ್ರರಿ ಮಿಸ್’, ಬಂದ ಮೇಲೆ ಮಾಡಿದ ಮೊದಲ ಕೆಲಸ ಈ ಭಯಕ್ಕೆ ಮದ್ದು ಹುಡುಕಿದ್ದು. ನಮ್ಮಲ್ಲಿ ಹಿಂದೆಯೇ ನಿಂತುಹೋಗಿದ್ದ ವಾಚನ ಸಂಘದ ಸುದ್ದಿಯನ್ನು ಅವರು ಎತ್ತಲೇ ಇಲ್ಲ. ಅಕ್ಸೆಶನ್ ರಿಜಿಸ್ಟರ್ ಹಿಡಿದು ಒಂದೊಂದೇ ಪುಸ್ತಕ ತಾಳೆ ನೋಡಿದರು. ಇಲ್ಲದ್ದರ ಪಟ್ಟಿ ಮಾಡಿ ಮುಖ್ಯೋಪಾಧ್ಯಾಯರ ಮುಂದಿಟ್ಟರು, ಜೊತೆಗೆ ಒಂದು ಮುದ್ರಿತ ಹಾಳೆಯನ್ನೂ ಇಟ್ಟರು. ಅದು ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮ. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು ಅಷ್ಟೆ. ಸಾವಿರ ರೂಪಾಯಿ ಮೀರಿದ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ತನಿಖೆ ಕಡ್ಡಾಯ. ನಮ್ಮದು ಅನುದಾನಿತ ಶಾಲೆ, ಆ ನಿಯಮ ನಮ್ಮನ್ನು ಕಟ್ಟುವುದಿಲ್ಲ. ಆದರೆ ದೆಹಲಿಯ ಲೆಕ್ಕದವರೇ ಪುಸ್ತಕ ಕಳೆಯುತ್ತದೆ ಎಂದು ಒಪ್ಪಿಕೊಂಡಿರುವಾಗ ನಾವು ಅವರಿಗಿಂತ ಬಿಗಿಯಾಗುವುದೇಕೆ ಎಂಬ ಮಾತಿಗೆ ಆಡಳಿತ ಮಂಡಳಿಯಲ್ಲಿ ಎದುರುತ್ತರ ಇರಲಿಲ್ಲ. ಆ ಅಳತೆಯ ಒಂದು ಗುಣವನ್ನೂ ಅವರು ತೋರಿಸಿದರು. ವರ್ಷಕ್ಕೆ ಇನ್ನೂರು ಪುಸ್ತಕ ಮಾತ್ರ ಹೊರಗೆ ಹೋದರೆ ಒಂದು ಕಳೆಯಬಹುದು, ಎರಡು ಸಾವಿರ ಹೋದರೆ ಹತ್ತು ಕಳೆಯಬಹುದು. ಹೆಚ್ಚು ಕೊಟ್ಟವರಿಗೆ ಹೆಚ್ಚು ರಿಯಾಯಿತಿ. ಬೀಗ ಹಾಕಿ ಕೂತವರಿಗೆ ಏನೂ ಇಲ್ಲ.

ಬೀರು ತೆರೆದ ಮೇಲೆ ಅವರು ನೋಡಿದ್ದು ಪ್ರತಿ ಪುಸ್ತಕದ ಒಳಹಾಳೆಗೆ ಅಂಟಿಸಿರುವ ತಾರೀಖಿನ ಚೀಟಿಯನ್ನು. ಲೈಬ್ರರಿಯ ಜಾತಕವೆಲ್ಲ ಆ ಚೀಟಿಯಲ್ಲಿದೆ ಎಂದು ಅವರಿಂದಲೇ ಕಲಿತೆ. ಮೊಹರು ಒತ್ತೊತ್ತಾಗಿ ಬಿದ್ದಿದ್ದರೆ ಪುಸ್ತಕ ಕೈಯಿಂದ ಕೈಗೆ ಓಡಾಡಿದೆ. ಜನವರಿಯಲ್ಲಿ ಮಾತ್ರ ಬಿದ್ದಿದ್ದರೆ ಅದು ಭಾಷಣ ಸ್ಪರ್ಧೆಗೆಂದು ಹೋದದ್ದು. ಚೀಟಿ ಬಿಳಿಯಾಗಿಯೇ ಇದ್ದರೆ ಪುಸ್ತಕ ಬಂದ ದಿನದಿಂದ ಕೂತಲ್ಲೇ ಕೂತಿದೆ. ಹಾಗೆ ಕೂತವುಗಳನ್ನು ಮೂರು ಗುಂಪು ಮಾಡಿದರು. ಹಳೆಯ ಪಠ್ಯಕ್ರಮದ ಗೈಡುಗಳು ಮತ್ತು ಹುಳು ತಿಂದವು ಒಂದು ಕಡೆ. ಇವು ರದ್ದತಿ ಪಟ್ಟಿಗೆ. ಹೈಸ್ಕೂಲು ಮಕ್ಕಳಿಗೆ ಭಾರವಾದ ಗ್ರಂಥಗಳು ಇನ್ನೊಂದು ಕಡೆ. ಇವು ಮೇಲಿನ ಅಡ್ಡಹಲಗೆಗೆ. ಮೂರನೆಯ ಗುಂಪು ಚಿಕ್ಕದು, ಒಳ್ಳೆಯದಾಗಿದ್ದೂ ಯಾರೂ ಮುಟ್ಟದ ಪುಸ್ತಕಗಳದು. ಅವು ಬೆನ್ನು ಮಾತ್ರ ಕಾಣುವಂತೆ ಸಾಲಾಗಿ ನಿಂತಿದ್ದವು. ಅವನ್ನು ಮುಖ ಕಾಣುವಂತೆ ಮೇಜಿನ ಮೇಲೆ ಮಲಗಿಸಿದರು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಸಿಕ್ಕಿದ್ದು ಈ ಮೂರನೆಯ ಗುಂಪಿನಲ್ಲಿ, ಬಿಳಿ ಚೀಟಿಯ ಸಮೇತ.

ಹಳೆಯ ವಾಚನ ಸಂಘ ಹೇಗೆ ಸತ್ತಿತೆಂದು ನಮ್ಮಲ್ಲಿ ಹಳಬರಿಗೆ ಗೊತ್ತು. ಪ್ರತಿ ಜೂನಿನಲ್ಲಿ ದೀಪ ಹಚ್ಚಿ ಉದ್ಘಾಟನೆ, ಅತಿಥಿಗಳ ಭಾಷಣ, ಆಮೇಲೆ ಪ್ರತಿ ಮಗುವೂ ಒಂದೊಂದು ಪುಸ್ತಕದ ಸಾರಾಂಶ ಬರೆದು ತರಬೇಕು, ಚೆನ್ನಾಗಿ ಬರೆದವರಿಗೆ ಬಹುಮಾನ. ಎರಡನೆಯ ತಿಂಗಳಿಗೆ ಮಕ್ಕಳು ಹಿಂಬದಿಯ ರಕ್ಷಾಪುಟದ ಬರಹವನ್ನೇ ನಕಲು ಮಾಡುವ ಕಲೆ ಕಲಿತಿದ್ದರು. ಓದಿದ್ದಕ್ಕೆ ಶಿಕ್ಷೆಯಾಗಿ ಬರೆಯಬೇಕೆಂದರೆ ಯಾರು ಓದುತ್ತಾರೆ? ಮಿಸ್ ಬುಧವಾರದ ಕೊನೆಯ ಪೀರಿಯಡ್ಡಿನಲ್ಲಿ ಕೂಡಿಸುವ ಹೊಸ ಸಂಘದಲ್ಲಿ ಬರವಣಿಗೆಯೂ ಇಲ್ಲ, ಬಹುಮಾನವೂ ಇಲ್ಲ. ಉದ್ಘಾಟನೆಯೂ ಆಗಲಿಲ್ಲವಾದ್ದರಿಂದ ಸಂಘ ಶುರುವಾದದ್ದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತೇ ಆಗಲಿಲ್ಲ.

ಹನ್ನೆರಡು ಮಕ್ಕಳು, ಲೈಬ್ರರಿಯಲ್ಲಿ ‘ಕರ್ವಾಲೊ’ ಇದ್ದದ್ದು ಎರಡೇ ಪ್ರತಿ. ಶಾಲೆಗಳಲ್ಲಿ ಓದುವ ಸಂಘ ಮುಗ್ಗರಿಸುವುದು ಸಾಮಾನ್ಯವಾಗಿ ಈ ಜಾಗದಲ್ಲಿ. ಎಲ್ಲರೂ ಒಂದೇ ಪುಸ್ತಕ ಓದದೆ ಅದರ ಬಗ್ಗೆ ಮಾತಾಡುವುದು ಹೇಗೆ? 1980ರಲ್ಲಿ ಬಂದ ಈ ಕಾದಂಬರಿ ಎಷ್ಟೋ ಸಲ ಮರುಮುದ್ರಣ ಕಂಡಿರುವುದರಿಂದ ನಮ್ಮ ಸ್ಟಾಫ್ ರೂಮಿನವರ ಮನೆಗಳಿಂದಲೇ ಇನ್ನೂ ನಾಲ್ಕು ಪ್ರತಿ ಬಂದವು. ಇಬ್ಬರಿಗೆ ಒಂದರಂತೆ ಆರು ಜೋಡಿ. ಸೋಮವಾರದಿಂದ ಬುಧವಾರದವರೆಗೆ ಒಬ್ಬರ ಮನೆ, ಗುರುವಾರದಿಂದ ಭಾನುವಾರದವರೆಗೆ ಇನ್ನೊಬ್ಬರ ಮನೆ. ಮೊದಲ ಸಲ ಮಾತ್ರ ಮಿಸ್ ತಾವೇ ಗಟ್ಟಿಯಾಗಿ ಓದಿದರು. ಜೇನಿನ ವ್ಯವಹಾರ, ಮಂದಣ್ಣನ ಅವತಾರ ಎಲ್ಲ ಬಂದು ಮಕ್ಕಳು ನಗಲು ಶುರುಮಾಡಿದ ಹೊತ್ತಿಗೆ ಸರಿಯಾಗಿ ಪುಸ್ತಕ ಮುಚ್ಚಿದರು. ಉಳಿದದ್ದನ್ನು ಓದಿ ಎಂದು ಹೇಳುವ ಅಗತ್ಯವೇ ಬೀಳಲಿಲ್ಲ.

ಮಾತುಕತೆಗೆ ಅವರು ಇಂಗ್ಲೆಂಡಿನ ಏಡನ್ ಚೇಂಬರ್ಸ್ ಎಂಬ ಲೇಖಕರ ದಾರಿ ಹಿಡಿದಿದ್ದಾರೆ. ಶಾಲಾ ಮೇಷ್ಟ್ರಾಗಿದ್ದ ಚೇಂಬರ್ಸ್ 1993ರಲ್ಲಿ ಮಕ್ಕಳೊಂದಿಗೆ ಪುಸ್ತಕದ ಮಾತಾಡುವುದು ಹೇಗೆಂದೇ ಒಂದು ಚಿಕ್ಕ ಪುಸ್ತಕ ಬರೆದರು. ಅವರ ಮೂಲ ಪ್ರಶ್ನೆಗಳು ನಾಲ್ಕೇ. ಏನು ಇಷ್ಟವಾಯಿತು, ಏನು ಇಷ್ಟವಾಗಲಿಲ್ಲ, ಎಲ್ಲಿ ಗೊಂದಲವಾಯಿತು, ಯಾವುದಕ್ಕೆ ಯಾವುದರ ನಂಟು ಕಂಡಿತು. ಯಾಕೆ ಎಂದು ಕೇಳುವುದು ಅವರಲ್ಲಿ ನಿಷಿದ್ಧ, ಏಕೆಂದರೆ ಮೇಷ್ಟ್ರ ಬಾಯಿಂದ ಆ ಪ್ರಶ್ನೆ ಬಿದ್ದೊಡನೆ ಮಗು ಸರಿಯುತ್ತರ ಹುಡುಕತೊಡಗುತ್ತದೆ. ನಮ್ಮ ಮಿಸ್ ಇದಕ್ಕೆ ತಮ್ಮದೊಂದು ಉಪಾಯ ಸೇರಿಸಿದ್ದಾರೆ. ಗೊಂದಲದಿಂದಲೇ ಶುರು. ಪ್ರತಿಯೊಬ್ಬರೂ ತಮಗೆ ಅರ್ಥವಾಗದ ಒಂದು ಸಂಗತಿಯನ್ನು ಚೂರು ಕಾಗದದಲ್ಲಿ ಹೆಸರಿಲ್ಲದೆ ಬರೆದು ಮಡಚಿ ಹಾಕಬೇಕು. ಬಾಯಿಬಡುಕರೇ ಸಭೆಯನ್ನು ನುಂಗುವುದು ಇದರಿಂದ ತಪ್ಪುತ್ತದೆ.

‘ಕರ್ವಾಲೊ’ ಮುಗಿದ ಬುಧವಾರ ನಾನು ಮೂಲೆಯಲ್ಲಿ ಕೂತಿದ್ದೆ. ಮೊದಲೇ ಎಚ್ಚರಿಕೆ ಸಿಕ್ಕಿತ್ತು: “ಸರ್, ಕೂತ್ಕೊಳ್ಳಿ, ಆದ್ರೆ ಉತ್ತರ ಹೇಳ್ಬೇಡಿ.” ಮಡಚಿದ ಚೀಟಿಗಳಲ್ಲಿ ನಾಲ್ಕೈದರಲ್ಲಿ ಒಂದೇ ಗೊಂದಲ: ಹಾರುವ ಓತಿ ನಿಜವಾಗಿ ಇದೆಯೋ, ಕತೆಗಾಗಿ ಕಟ್ಟಿದ್ದೋ? ಕಾದಂಬರಿಯ ಕೊನೆಯಲ್ಲಿ ಅದು ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದಲ್ಲ, ಹಾಗಾಗಿ ಇಲ್ಲವೆಂದೇ ಬಹುಮತ. ಆಗ ಸುಳ್ಯದ ಕಡೆಯಿಂದ ಈ ವರ್ಷ ಬಂದು ಸೇರಿದ ಎಂಟನೆಯ ತರಗತಿಯ ಹುಡುಗ ಎದ್ದ. ಅವನ ದನಿಯನ್ನು ಅಲ್ಲಿಯವರೆಗೆ ಹಾಜರಿಯಲ್ಲಿ ಬಿಟ್ಟರೆ ಯಾರೂ ಕೇಳಿರಲಿಲ್ಲ. “ಉಂಟು ಮಿಸ್, ನಮ್ಮ ತೋಟದ ಅಡಿಕೆ ಮರದಲ್ಲಿ ಇರ್ತದೆ. ಗಂಟಲಲ್ಲಿ ಹಳದಿ ಚೀಲದ ಹಾಗೆ ಬಿಚ್ಚುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಜಾರುತ್ತದೆ, ರೆಕ್ಕೆ ಬಡಿಯುವುದಿಲ್ಲ.” ಹತ್ತು ನಿಮಿಷ ಪ್ರಶ್ನೆಗಳೆಲ್ಲ ಅವನಿಗೇ. ಹುಡುಗ ಹೇಳಿದ್ದು ಅಕ್ಷರಶಃ ಸರಿ. ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಈ ಓತಿ ಈಗಲೂ ಇದೆ. ಪಕ್ಕೆಲುಬುಗಳನ್ನು ಹೊರಚಾಚಿ ಅದರ ಮೇಲಿನ ಚರ್ಮವನ್ನು ಹರವಿಕೊಂಡು ತೇಲುತ್ತದೆ, ಇರುವೆ ತಿಂದು ಬದುಕುತ್ತದೆ. ವಿಜ್ಞಾನದ ಮೇಷ್ಟ್ರಾಗಿ ನನ್ನ ನಾಲಗೆ ತುರಿಸುತ್ತಿತ್ತು. ನಾನು ಬಾಯಿ ತೆರೆದಿದ್ದರೆ ಆ ಹುಡುಗ ಅಲ್ಲಿಗೇ ಕೂತುಬಿಡುತ್ತಿದ್ದ.

ಹಾಗಾದರೆ ಪುಸ್ತಕದಲ್ಲಿ ಅದನ್ನು ಹುಡುಕಲು ಅಷ್ಟು ಒದ್ದಾಡುವುದೇಕೆ ಎಂದು ಒಬ್ಬ ಹುಡುಗಿ ಕೇಳಿದಳು. ತೋಟದ ಓತಿ ಬೇರೆ, ತೇಜಸ್ವಿ ಹೇಳುವ ಪುರಾತನ ಓತಿ ಬೇರೆ ಎಂಬಲ್ಲಿಗೆ ಮಕ್ಕಳೇ ಜಗಳಾಡುತ್ತ ತಲುಪಿದರು. ಬೆಲ್ಲಾದ ಮೇಲೆ ಮಿಸ್ ಏನೂ ಹೇಳದೆ ಸರೀಸೃಪಗಳ ಒಂದು ಪುಸ್ತಕ, ತೇಜಸ್ವಿಯವರ ‘ಪರಿಸರದ ಕತೆ’ ಎರಡನ್ನೂ ಮೇಜಿನ ಮೇಲಿಟ್ಟರು. ಎರಡೂ ಅಂದೇ ಹೋದವು. ಸಂಘ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಅವರು ತಿಳಿಯುವುದು ಹಾಜರಿಯಿಂದ ಅಲ್ಲ, ಬುಧವಾರದ ಸಂಜೆ ಬೀಳುವ ಮೊಹರುಗಳಿಂದ. ಮಾತು ಜೋರಾಗಿದ್ದೂ ಯಾರೂ ಪುಸ್ತಕ ಕೇಳದೆ ಹೋದ ವಾರ ಅವರ ಲೆಕ್ಕದಲ್ಲಿ ಸೋತ ವಾರ. ಅಂಥವೂ ಬಂದಿವೆ. ಅನುವಾದಿತ ಸಾಹಸ ಕತೆಯೊಂದನ್ನು ಮಕ್ಕಳು ಮೂವತ್ತು ಪುಟಕ್ಕೇ ಕೈಬಿಟ್ಟರು. ಅವರೂ ಒತ್ತಾಯಿಸದೆ ಕೈಬಿಟ್ಟರು.

ಎಲ್ಲವೂ ಸುಗಮವೇನಲ್ಲ. ಹನ್ನೆರಡು ಮಕ್ಕಳು ಹದಿನಾಲ್ಕಾಗಿದ್ದಾರೆ, ನಲವತ್ತಾಗಿಲ್ಲ. ನಾಲ್ಕು ಪ್ರಶ್ನೆಯ ಈ ಮಾತುಕತೆ ನಲವತ್ತು ಜನರಲ್ಲಿ ನಡೆಯುವುದೂ ಇಲ್ಲ. ಹಳ್ಳಿಯ ಬಸ್ಸು ಹಿಡಿಯಬೇಕಾದ ಹೆಣ್ಣುಮಕ್ಕಳು ಅರ್ಧಕ್ಕೇ ಎದ್ದು ಹೋಗುತ್ತಾರೆ. ದಸರಾ ರಜೆ ಮುಗಿದೊಡನೆ ಹತ್ತನೆಯ ತರಗತಿಯವರನ್ನು ಮನೆಯವರೇ ಬಿಡಿಸಿದರು. ಇವುಗಳ ಮುಂದೆ ಗ್ರಂಥಪಾಲಕಿ ಒಬ್ಬರೇ ಏನೂ ಮಾಡಲಾರರು.

ನಾವು ಮಾಡಬಹುದಾದ್ದು ಇದೆ. ಸಹೋದ್ಯೋಗಿ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟು. ಬುಧವಾರದ ಕೊನೆಯ ಪೀರಿಯಡ್ಡನ್ನು ಪೋರ್ಷನ್ ಮುಗಿಸಲು ಕೇಳಬೇಡಿ. ರಜೆಯಲ್ಲಿರುವ ಮೇಷ್ಟ್ರ ಬದಲಿಗೆ ಆ ಹೊತ್ತಿನಲ್ಲಿ ಮಿಸ್ ಅವರನ್ನು ತರಗತಿಗೆ ಕಳಿಸಬೇಡಿ. ಮುಂದಿನ ತಿಂಗಳ ಪುಸ್ತಕ ‘ಪರಿಸರದ ಕತೆ’, ಇನ್ನೂ ಐದು ಪ್ರತಿ ಬೇಕು. ಮನೆಯಲ್ಲಿದ್ದವರು ಶನಿವಾರದೊಳಗೆ ತಂದುಕೊಡಿ. ನಿಮ್ಮ ಹೆಸರಿನ ಚೀಟಿ ಅಂಟಿಸಿಕೊಂಡು ಹೋಗಿ, ಅದೇ ಚೀಟಿಯೊಂದಿಗೆ ವಾಪಸು ಬರುತ್ತದೆ. ಕಳೆದರೆ ಸಾವಿರಕ್ಕೆ ಐದರ ಲೆಕ್ಕಕ್ಕೆ ಬರೆದುಕೊಳ್ಳಿ.