ಸರ್ಪಸುತ್ತಿಗೆ ದಿನಕ್ಕೆ ಐದು ಮಾತ್ರೆ: ಅಜ್ಜಿಗೂ ಮೊಮ್ಮಗನಿಗೂ ಒಂದೇ ಲೆಕ್ಕವೇ?

ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಆಗಾಗ ಒಂದು ಬಗೆಯ ಫೋಟೋ ಬರುತ್ತದೆ. ಯಾರಿಗೋ ವೈದ್ಯರು ಬರೆದುಕೊಟ್ಟ ಚೀಟಿ, ಕೆಳಗೆ ಒಂದು ಸಾಲು: 'ಸರ್ಪಸುತ್ತಿಗೆ ಇದು ಒಳ್ಳೆಯ ಮದ್ದು, ನಮ್ಮವರಿಗೆ ವಾರದಲ್ಲಿ ಗುಣವಾಯ್ತು, ಶೇರ್ ಮಾಡಿ.' ಚೀಟಿಯಲ್ಲಿರುವುದು ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಸಲ.

ಮದ್ದು ಸರಿಯಾದದ್ದೇ. ಸರ್ಪಸುತ್ತು ವೈರಸ್‌ನಿಂದ ಬರುವ ಕಾಯಿಲೆ. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್‌ನ ವೈರಸ್ ನರಗಳಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಮತ್ತೆ ಎದ್ದಾಗ ಬೊಕ್ಕೆಗಳು ಕಾಣಿಸುತ್ತವೆ. ಮೊದಲ ಮೂರು ದಿನದೊಳಗೆ ಮಾತ್ರೆ ಶುರುವಾದರೆ ಹೆಚ್ಚು ಪ್ರಯೋಜನ. ತೊಂದರೆ ಇರುವುದು 'ಐದು ಸಲ' ಎಂಬಲ್ಲಿ. ಅದು ಕಿಡ್ನಿ ಚೆನ್ನಾಗಿರುವವರ ಲೆಕ್ಕ.

ಯಾಕೆ ಎಂದು ತಿಳಿಯಲು ತೋಟದ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಮೇಲಿನಿಂದ ಪಂಪಿನ ನೀರು ಬೀಳುತ್ತದೆ, ಅಡಿಯಲ್ಲಿ ಒಂದು ಪೈಪ್ ಸದಾ ತೆರೆದಿದೆ. ನೀರು ಏರಿದಷ್ಟೂ ಒತ್ತಡ ಹೆಚ್ಚಿ ಹೊರಗೆ ಹೋಗುವುದೂ ಹೆಚ್ಚುತ್ತದೆ. ಬರುವುದೂ ಹೋಗುವುದೂ ಸಮವಾದಾಗ ನೀರು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಈಗ ಪೈಪಿಗೆ ಅರ್ಧ ಕೆಸರು ಕಟ್ಟಿತು, ಪಂಪು ಮಾತ್ರ ಮೊದಲಿನಂತೆಯೇ ಓಡುತ್ತಿದೆ. ಮಟ್ಟ ಏರುತ್ತಾ ಹೋಗಿ ಮೊದಲಿಗಿಂತ ಎಷ್ಟೋ ಮೇಲೆ ನಿಲ್ಲುತ್ತದೆ. ಮದ್ದು ಮತ್ತು ರಕ್ತದ ಸಂಬಂಧವೂ ಬಹುಮಟ್ಟಿಗೆ ಹೀಗೆಯೇ. ರಕ್ತಕ್ಕೆ ಸೇರಿದ ಅಸೈಕ್ಲೋವಿರ್‌ನ ಬಹುಪಾಲು ಹೊರಗೆ ಹೋಗುವುದು ಮೂತ್ರದಲ್ಲಿ. ಕಿಡ್ನಿ ಚೆನ್ನಾಗಿದ್ದರೆ ಸುಮಾರು 3 ಗಂಟೆಗೊಮ್ಮೆ ರಕ್ತದಲ್ಲಿರುವುದು ಅರ್ಧವಾಗುತ್ತದೆ. ಕಿಡ್ನಿ ಪೂರ್ತಿ ನಿಂತವರಲ್ಲಿ ಅದೇ ಅರ್ಧವಾಗಲು ಸುಮಾರು 20 ಗಂಟೆ ಬೇಕು.

ಕಡಬ ಕಡೆಯ 76 ವರ್ಷದ ಒಬ್ಬ ಅಜ್ಜಿ, 42 ಕೆಜಿ ತೂಕ, ಎಂದುಕೊಳ್ಳಿ. ಪುತ್ತೂರಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 1.5 ಬಂತು. 'ಸ್ವಲ್ಪ ಜಾಸ್ತಿ ಅಷ್ಟೆ' ಎಂದು ಮನೆಯವರು ರಿಪೋರ್ಟ್ ಮಡಚಿಡುತ್ತಾರೆ. ಸುಳ್ಯದಲ್ಲಿರುವ ಮೊಮ್ಮಗನಿಗೆ 35 ವರ್ಷ, 70 ಕೆಜಿ ತೂಕ. ಅವನ ಕ್ರಿಯಾಟಿನಿನ್ ಕೂಡ 1.5 ಎಂದೇ ಇಟ್ಟುಕೊಳ್ಳೋಣ. ಇಬ್ಬರ ಕಿಡ್ನಿಯೂ ಒಂದೇ ರೀತಿ ಇದೆಯೇ?

ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ. ಅಜ್ಜಿಯ ಮೈಯಲ್ಲಿ ಸ್ನಾಯು ಕಡಿಮೆ, ಕಸ ಹುಟ್ಟುವುದೇ ಕಡಿಮೆ. ಅಷ್ಟು ಕಡಿಮೆ ಹುಟ್ಟಿಯೂ ರಕ್ತದಲ್ಲಿ 1.5 ಉಳಿದಿದೆ ಎಂದರೆ ಹೊರಹಾಕುವ ಕೆಲಸ ಬಹಳ ಕುಂದಿದೆ ಎಂದರ್ಥ. ಇದನ್ನು ಅಂದಾಜು ಮಾಡಲು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ವೈದ್ಯರು 1976ರಲ್ಲಿ ಪ್ರಕಟಿಸಿದ ಸೂತ್ರ ಮದ್ದಿನ ಪ್ರಮಾಣ ನಿರ್ಧರಿಸಲು ಇಂದಿಗೂ ಬಳಕೆಯಲ್ಲಿದೆ:

(140 − ವಯಸ್ಸು) × ತೂಕ ÷ (72 × ಕ್ರಿಯಾಟಿನಿನ್)

ಹೆಂಗಸರಾದರೆ ಬಂದದ್ದನ್ನು 0.85ರಿಂದ ಗುಣಿಸಬೇಕು. ಮೊಮ್ಮಗನಿಗೆ 105 × 70 ÷ 108, ಅಂದರೆ ನಿಮಿಷಕ್ಕೆ ಸುಮಾರು 68 ಮಿಲಿಲೀಟರ್. ಅಜ್ಜಿಗೆ 64 × 42 ÷ 108 × 0.85, ಅಂದರೆ ಸುಮಾರು 21. ರಿಪೋರ್ಟಿನಲ್ಲಿ ಒಂದೇ ಅಂಕಿ, ಶೋಧಿಸುವ ಶಕ್ತಿಯಲ್ಲಿ ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. (ಸೂತ್ರ ಕಟ್ಟಿದ್ದು 249 ಗಂಡಸರ ಮಾಹಿತಿಯಿಂದ. ಹೆಂಗಸರ 0.85 ಅಳೆದು ಬಂದದ್ದಲ್ಲ, ಆಮೇಲೆ ಸೇರಿಸಿದ ಅಂದಾಜು. ಹಾಗಾಗಿ 21 ಎಂಬುದನ್ನು 'ಇಪ್ಪತ್ತರ ಆಸುಪಾಸು' ಎಂದು ಓದುವುದು ಲೇಸು.)

ಅಸೈಕ್ಲೋವಿರ್‌ಗೆ ಈ ಅಂಕಿ 25ಕ್ಕಿಂತ ಮೇಲಿದ್ದರೆ ದಿನಕ್ಕೆ ಐದು ಸಲ. 10ರಿಂದ 25ರೊಳಗೆ ಇದ್ದರೆ ಅದೇ 800 ಮಿಲಿಗ್ರಾಂ 8 ಗಂಟೆಗೊಮ್ಮೆ, ಅಂದರೆ ಮೂರು ಸಲ. 10ಕ್ಕಿಂತ ಕೆಳಗಿದ್ದರೆ 12 ಗಂಟೆಗೊಮ್ಮೆ. ಗಮನಿಸಿ, ಇಲ್ಲಿ ಮಾತ್ರೆಯನ್ನು ಅರ್ಧ ಮಾಡಿಲ್ಲ, ಅಂತರ ಹೆಚ್ಚಿಸಿದ್ದಾರೆ. ಪ್ರತಿ ಸಲವೂ ರಕ್ತದಲ್ಲಿ ವೈರಸ್ ತಡೆಯುವಷ್ಟು ಮದ್ದು ಏರಲೇಬೇಕು. ಏರಿದ್ದು ಇಳಿಯಲು ಹೆಚ್ಚು ಸಮಯ ಕೊಡುತ್ತಾರೆ, ಅಷ್ಟೆ. 'ಕಿಡ್ನಿ ವೀಕ್ ಇದೆ, ಕಾಲು ಮಾತ್ರೆ ಕೊಡುವ' ಎಂಬ ಮನೆಯ ಲೆಕ್ಕದಲ್ಲಿ ಕಾಯಿಲೆಯೂ ಹೋಗುವುದಿಲ್ಲ.

ಈ ಅಜ್ಜಿಗೆ ಐದು ಸಲವೇ ಕೊಟ್ಟರೆ ಏನಾಗಬಹುದು? ಶುರುಮಾಡಿದ ಒಂದರಿಂದ ಮೂರು ದಿನದಲ್ಲಿ ತೂಕಡಿಕೆ, ತೊದಲು ಮಾತು, ಕೈಕಾಲು ಝಲ್ಲನೆ ಎಳೆದಂತಾಗುವುದು, ಇಲ್ಲದವರನ್ನು ಕಂಡಂತೆ ಮಾತಾಡುವುದು ಶುರುವಾಗಬಹುದು. ಸರ್ಪಸುತ್ತು ಎಂದ ಕೂಡಲೇ ನಾಗದೋಷ ನೆನಪಾಗುವ ಊರು ನಮ್ಮದು. ಅಂಥ ಹೊತ್ತಿನಲ್ಲಿ ಅಜ್ಜಿ ಗೋಡೆ ನೋಡಿ ಮಾತಾಡಿದರೆ ಮನೆಯವರು ಮೊದಲು ಹೋಗುವುದು ಪ್ರಶ್ನೆ ಇಡಿಸಲಿಕ್ಕೆ. ವೈರಸ್ ಮೆದುಳಿಗೆ ಏರಿದರೂ ಇಂಥದ್ದೇ ಲಕ್ಷಣ ಕಾಣಬಹುದು. ಆಗ ಸಾಮಾನ್ಯವಾಗಿ ಜ್ವರ, ತಲೆನೋವು ಇರುತ್ತದೆ. ಯಾವುದೆಂದು ಮನೆಯಲ್ಲಿ ತೀರ್ಮಾನಿಸಲು ಆಗದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಬೇಕು. ಮದ್ದಿನಿಂದ ಆದದ್ದಾದರೆ ನಿಲ್ಲಿಸಿದ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ತೀವ್ರವಾಗಿದ್ದರೆ ಡಯಾಲಿಸಿಸ್ ಮಾಡಿ ಮದ್ದನ್ನು ಹೊರತೆಗೆಯುತ್ತಾರೆ.

ಹಾಗೆಂದು ಕಿಡ್ನಿ ಕುಂದಿದವರಿಗೆ ಎಲ್ಲ ಮದ್ದನ್ನೂ ಇಳಿಸಬೇಕಿಲ್ಲ. ಮಳೆಗಾಲದಲ್ಲಿ ತೋಟ, ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಬರುವ ಇಲಿಜ್ವರ ಕಿಡ್ನಿಯನ್ನೇ ಕೆಡಿಸಬಲ್ಲದು. ಆದರೂ ಅದಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಪ್ರಮಾಣ ಇಳಿಸುವುದಿಲ್ಲ, ಏಕೆಂದರೆ ಅದು ಕರುಳಿನ ದಾರಿಯಲ್ಲೂ ಹೊರಹೋಗುತ್ತದೆ. ಇಲಿಜ್ವರದಲ್ಲಿ ಸೂತ್ರವೂ ಕೈಕೊಡುತ್ತದೆ. ಕಿಡ್ನಿ ಇವತ್ತು ಹಠಾತ್ತಾಗಿ ನಿಂತರೂ ಕ್ರಿಯಾಟಿನಿನ್ ಏರಲು ದಿನಗಳು ಹಿಡಿಯುತ್ತವೆ. ಇವತ್ತಿನ 1.2 ನೋಡಿ ಲೆಕ್ಕ ಹಾಕಿದರೆ ಉತ್ತರ ತಪ್ಪು. ಅಂಥವರಲ್ಲಿ ಮೂತ್ರ ಎಷ್ಟು ಬರುತ್ತಿದೆ ಎಂದು ಅಳೆಯುತ್ತಾ, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಾರೆ.

ಲಿವರ್‌ನ ವಿಷಯ ಇದಕ್ಕಿಂತ ಗೋಜಲು. ಮದ್ದನ್ನು ಲಿವರ್ ಎಷ್ಟು ಒಡೆಯುತ್ತದೆ ಎಂದು ಹೇಳುವ ಒಂದೇ ಅಂಕಿ ಇಲ್ಲ. ರಿಪೋರ್ಟಿನ ಎಸ್‌ಜಿಪಿಟಿ ಲಿವರ್‌ನ ಜೀವಕೋಶಗಳಿಗೆ ಪೆಟ್ಟು ಬಿದ್ದಿದೆಯೇ ಎಂದು ಹೇಳುತ್ತದೆ, ಕೆಲಸ ಮಾಡುವ ಶಕ್ತಿ ಎಷ್ಟು ಉಳಿದಿದೆ ಎಂದಲ್ಲ. ಸಿರೋಸಿಸ್ ಆದವರಲ್ಲೂ ಅದು ನಾರ್ಮಲ್ ಬರಬಹುದು. ಹಾಗಾಗಿ ವೈದ್ಯರು ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯಲ್ಲಿ ನೀರು, ಮಂಪರು ಈ ಐದನ್ನು ಸೇರಿಸಿ ಅಂಕ ಕೊಡುತ್ತಾರೆ. ಆಮೇಲೂ ಸೂತ್ರ ಇಲ್ಲ. ಕಡಿಮೆಯಿಂದ ಶುರುಮಾಡಿ ಪರಿಣಾಮ ನೋಡಿ ಏರಿಸುವುದೇ ದಾರಿ. ಪ್ರೊಪ್ರನೊಲಾಲ್ ಮಾತ್ರೆ ನುಂಗಿದರೆ ಒಳ್ಳೆಯ ಲಿವರ್ ಸುಮಾರು ಮುಕ್ಕಾಲು ಭಾಗವನ್ನು ಮೊದಲ ಸುತ್ತಿನಲ್ಲೇ ಒಡೆದುಬಿಡುತ್ತದೆ. ಸಿರೋಸಿಸ್‌ನಲ್ಲಿ ರಕ್ತ ಲಿವರನ್ನು ಬಳಸಿಕೊಂಡು ಬೇರೆ ದಾರಿ ಹಿಡಿಯುವುದರಿಂದ ಅದೇ ಮಾತ್ರೆಯ ಹೆಚ್ಚು ಪಾಲು ಹೃದಯ ತಲುಪುತ್ತದೆ. ಆದ್ದರಿಂದ ಸಣ್ಣ ಪ್ರಮಾಣದಲ್ಲಿ ಶುರುಮಾಡಿ ನಾಡಿ ನೋಡುತ್ತಾರೆ.

'ಲಿವರ್ ತೊಂದರೆ ಇದ್ದವರು ಪ್ಯಾರಾಸಿಟಮಾಲ್ ಮುಟ್ಟಲೇಬಾರದು' ಎಂಬ ಫಾರ್ವರ್ಡ್ ಕೂಡ ಇದೇ ಗೊಂದಲದಿಂದ ಹುಟ್ಟಿದ್ದು. ಸಿರೋಸಿಸ್ ಇದ್ದವರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರಾಂ, ಅಂದರೆ 500ರ ನಾಲ್ಕು ಮಾತ್ರೆಯ ಮಿತಿ ಹಾಕುತ್ತಾರೆ. ಆರೋಗ್ಯವಂತರ ಗರಿಷ್ಠ ಮಿತಿ 4 ಗ್ರಾಂ. ಪ್ಯಾರಾಸಿಟಮಾಲ್‌ಗೆ ಹೆದರಿ ಅಂಗಡಿಯಿಂದ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ತಂದು ನುಂಗಿದರೆ, ಸಿರೋಸಿಸ್ ಇದ್ದವರಲ್ಲಿ ಅದು ಕಿಡ್ನಿಯನ್ನೂ ನಿಲ್ಲಿಸಬಹುದು.